ಪೊರೆಯ ಶಸ್ತ್ರಚಿಕಿತ್ಸೆ ನನ್ನ ಲೆಕ್ಕದಲ್ಲಿ ಎರಡು ಸಲ ಸೋತಿತು

ಎರಡು ಕಾರ್ಯಕ್ರಮಗಳಿದ್ದವು, ಹಣ ಮಾತ್ರ ಒಂದಕ್ಕೇ ಸಾಕಾಗುವಷ್ಟಿತ್ತು. ಒಂದು, ಎಪ್ಪತ್ತರ ಆಸುಪಾಸಿನವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ಇನ್ನೊಂದು, ದುಡಿಯುವ ವಯಸ್ಸಿನವರ ಮಂಡಿನೋವಿಗೆ ವ್ಯಾಯಾಮ ಚಿಕಿತ್ಸೆ. ಯಾವುದಕ್ಕೆ ಮೊದಲು ಕೊಡಬೇಕೆಂದು ಲೆಕ್ಕ ಹಾಕುವ ಕೆಲಸ ನನ್ನದು. ಅನುಸರಿಸಲು ಸುಲಭವಾಗಲೆಂದು ಇಲ್ಲಿ ಅಂಕಿಗಳನ್ನು ಸರಳಗೊಳಿಸಿದ್ದೇನೆ: ಎರಡಕ್ಕೂ ತಲಾ ಖರ್ಚು 300, ಒಂದು ದಿನದ ಕೂಲಿ 10 ಎಂದುಕೊಳ್ಳಿ.

ಮೊದಲು ಮಾಡಿದ್ದು ವೆಚ್ಚ-ಲಾಭ ವಿಶ್ಲೇಷಣೆ. ಇದರಲ್ಲಿ ಖರ್ಚಿನ ಹಾಗೆ ಲಾಭವನ್ನೂ ಹಣದಲ್ಲೇ ಹೇಳಬೇಕು. ತಪ್ಪಿಹೋಗುತ್ತಿದ್ದ ಕೂಲಿ ಎಷ್ಟು ಉಳಿಯಿತು ಎಂಬುದನ್ನೇ ಲಾಭವೆಂದು ಹಿಡಿದೆ. ಮಂಡಿನೋವು ಕಡಿಮೆಯಾದವರಿಗೆ ವರ್ಷಕ್ಕೆ 20 ದಿನದ ಕೆಲಸ ಉಳಿಯುತ್ತಿತ್ತು. ಐದು ವರ್ಷಕ್ಕೆ, ಮುಂದಿನ ವರ್ಷಗಳ ಮೌಲ್ಯವನ್ನು ವರ್ಷಕ್ಕೆ ಶೇ. 3ರಂತೆ ತಗ್ಗಿಸಿದರೆ, ಅದು ಸುಮಾರು 916. ಖರ್ಚು ಕಳೆದರೆ 616 ಉಳಿಯಿತು. ವಯಸ್ಸಾದವರಿಗೆ ಕೂಲಿಯೇ ಇಲ್ಲ. ಹಾಗಾಗಿ ಪೊರೆಯ ಶಸ್ತ್ರಚಿಕಿತ್ಸೆಗೆ ಹಾಕಿದ 300 ಪೂರ್ತಿ ನಷ್ಟವೆಂದು ಬಂತು. ಮತ್ತೆ ಕಣ್ಣು ಕಂಡದ್ದಕ್ಕೆ ಆ ಹಾಳೆಯಲ್ಲಿ ಸೊನ್ನೆ. ಇದನ್ನು ಒಪ್ಪಲು ನನ್ನಿಂದ ಆಗಲಿಲ್ಲ.

ಆದ್ದರಿಂದ ವೆಚ್ಚ-ಉಪಯುಕ್ತತೆ ವಿಶ್ಲೇಷಣೆಗೆ ಹೋದೆ. ಇಲ್ಲಿ ಲಾಭವನ್ನು ಅಳೆಯುವುದು ಕ್ವಾಲಿಯಲ್ಲಿ, ಅಂದರೆ ಗುಣಮಟ್ಟಕ್ಕೆ ತಕ್ಕಂತೆ ಹೊಂದಿಸಿದ ಜೀವಿತವರ್ಷಗಳಲ್ಲಿ. ಪೂರ್ಣ ಆರೋಗ್ಯಕ್ಕೆ 1, ಸಾವಿಗೆ 0. ನಡುವಿನ ಸ್ಥಿತಿಯ ಅಂಕವನ್ನು ಆ ಸ್ಥಿತಿಯಲ್ಲಿ ಕಳೆದ ವರ್ಷಗಳಿಂದ ಗುಣಿಸಬೇಕು. ದುಡಿಯುವವರ ವರ್ಷಕ್ಕೂ ದುಡಿಯದವರ ವರ್ಷಕ್ಕೂ ಒಂದೇ ತೂಕ. ಇಲ್ಲಾದರೂ ಪೊರೆಯ ಶಸ್ತ್ರಚಿಕಿತ್ಸೆ ಗೆದ್ದೇ ಗೆಲ್ಲುತ್ತದೆ ಅಂದುಕೊಂಡಿದ್ದೆ.

ಗೆಲ್ಲಲಿಲ್ಲ. ಎಲ್ಲರೂ ಬಳಸುವ ಇಕ್ಯೂ-5ಡಿ ಪ್ರಶ್ನಾವಳಿಯಲ್ಲಿ ಅಳೆದಾಗ ಶಸ್ತ್ರಚಿಕಿತ್ಸೆಯಿಂದ ಅಂಕ ಏರಿದ್ದು ಬರೀ 0.02. ಹತ್ತು ವರ್ಷಕ್ಕೆ, ಅದೇ ಶೇ. 3 ತಗ್ಗಿಸಿ, 0.17 ಕ್ವಾಲಿ, ಒಂದು ಕ್ವಾಲಿಗೆ ಬಿದ್ದ ಖರ್ಚು ಸುಮಾರು 1,760. ಮಂಡಿನೋವಿನ ಚಿಕಿತ್ಸೆಯಲ್ಲಿ ಅದು ಸುಮಾರು 1,090 ಮಾತ್ರ.

ಕಾರಣ ಗೊತ್ತಾಗಿದ್ದು ಭರ್ತಿಯಾದ ನಮೂನೆಗಳನ್ನು ಒಂದೊಂದಾಗಿ ತಿರುವಿಹಾಕಿದಾಗ. ಶಸ್ತ್ರಚಿಕಿತ್ಸೆಗೆ ಮೊದಲೇ ಅಜ್ಜಿಯೊಬ್ಬರಿಗೆ 11111, ಅಂದರೆ ಐದು ಪ್ರಶ್ನೆಗೂ ‘ತೊಂದರೆ ಇಲ್ಲ’, ಒಟ್ಟು ಅಂಕ 1. ಅದೇ ಹಾಳೆಯ ಅಂಚಿನಲ್ಲಿ ಸಮೀಕ್ಷೆಯ ಹುಡುಗಿ ಬರೆದಿದ್ದಳು: ‘ಅಕ್ಷರ ಕಾಣುವುದಿಲ್ಲ ಎಂದರು, ಪ್ರಶ್ನೆಗಳನ್ನು ಓದಿ ಹೇಳಿದೆ.’ ಆ ಪ್ರಶ್ನಾವಳಿ ಕೇಳುವುದು ನಡೆದಾಡುವುದು, ಸ್ವಂತ ಆರೈಕೆ, ದಿನನಿತ್ಯದ ಕೆಲಸ, ನೋವು, ಆತಂಕ ಅಥವಾ ಖಿನ್ನತೆ, ಈ ಐದರ ಬಗ್ಗೆ ಮಾತ್ರ. ದೃಷ್ಟಿಯ ಬಗ್ಗೆ ಪ್ರಶ್ನೆಯೇ ಇಲ್ಲ. ಮೊದಲೇ 1 ಸಿಕ್ಕವರಿಗೆ ಮೇಲೇರಲು ಜಾಗವೆಲ್ಲಿ? ಅಂದಿನಿಂದ ಯಾವ ಸರಾಸರಿಯನ್ನು ತೆಗೆಯುವ ಮುಂಚೆಯೂ ಚಿಕಿತ್ಸೆಗೆ ಮೊದಲೇ 11111 ಇರುವವರು ಎಷ್ಟು ಮಂದಿ ಎಂದು ಎಣಿಸುತ್ತೇನೆ. ರೋಗ ಇದ್ದೂ ಅಂಥವರು ಬಹಳ ಇದ್ದರೆ, ಆ ಅಳತೆಗೋಲಿಗೆ ಆ ರೋಗ ಕಾಣುತ್ತಿಲ್ಲ ಎಂದೇ ಅರ್ಥ.

ಎಚ್‌ಯುಐ-3 ಎಂಬ ಇನ್ನೊಂದು ಅಳತೆಯಲ್ಲಿ ಎಂಟು ಅಂಶಗಳಿವೆ, ದೃಷ್ಟಿಯೂ ಅದರಲ್ಲೊಂದು. ಪೊರೆಯವರಿಗೆ ಮಾತ್ರ ಅದನ್ನು ಬಳಸಿದ್ದರೆ ಮೋಸವಾಗುತ್ತಿತ್ತು. ಬೇರೆ ಬೇರೆ ಗೋಲಿನಿಂದ ಅಳೆದ ಕ್ವಾಲಿಗಳನ್ನು ಪಕ್ಕಪಕ್ಕ ಇಡಬಾರದು. ಎರಡೂ ಗುಂಪಿಗೆ ಮತ್ತೆ ಅಳೆದೆವು. ಪೊರೆಯಲ್ಲಿ ಏರಿಕೆ 0.12, ಕ್ವಾಲಿಯೊಂದಕ್ಕೆ ಸುಮಾರು 293. ಮಂಡಿನೋವಿನಲ್ಲಿ 0.08, ಕ್ವಾಲಿಯೊಂದಕ್ಕೆ ಸುಮಾರು 820. ಸರದಿ ತಲೆಕೆಳಗಾಯಿತು.

ಇಷ್ಟಾದರೂ ನಾನು ವೆಚ್ಚ-ಲಾಭದ ಹಾಳೆಯನ್ನು ಎಸೆಯಲಿಲ್ಲ. ಕಣ್ಣು ಕಾಣದವರನ್ನು ನೋಡಿಕೊಳ್ಳಲು ಮನೆಯವರು ವರ್ಷಕ್ಕೆ 15 ದಿನ ಕೆಲಸ ಬಿಡುತ್ತಿದ್ದರೆಂದು ಆಮೇಲೆ ವಿಚಾರಿಸಿ ತಿಳಿದೆ. ಮಂಡಿನೋವಿನವರ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ರೋಗಿಯೊಬ್ಬರ ಆರೋಗ್ಯವನ್ನಷ್ಟೇ ಎಣಿಸುವ ನನ್ನ ಕ್ವಾಲಿಯ ಲೆಕ್ಕಕ್ಕೆ ಆ 15 ದಿನ ಸೇರುವುದೇ ಇಲ್ಲ. ವೆಚ್ಚ-ಲಾಭದಲ್ಲಿ ಸೇರಿಸಿದರೆ ಹತ್ತು ವರ್ಷಕ್ಕೆ ಸುಮಾರು 1,280; ಖರ್ಚು ಕಳೆದು 980, ಮಂಡಿನೋವಿನ 616ಕ್ಕಿಂತ ಹೆಚ್ಚು. ಅಂದರೆ ಮೊದಲ ಸಲ ತಪ್ಪಿದ್ದು ಹಣದಲ್ಲಿ ಅಳೆದದ್ದರಿಂದಷ್ಟೇ ಅಲ್ಲ, ಯಾರ ದಿನಗಳನ್ನು ಎಣಿಸಬೇಕು ಎಂಬಲ್ಲೂ ತಪ್ಪಿದ್ದೆ. ಹೀಗೆ ಸರಿಪಡಿಸಿದ ಮೇಲೂ ಅಜ್ಜಿಗೆ ಕಣ್ಣು ಬಂದದ್ದರ ಬೆಲೆ ಆ ಹಾಳೆಯಲ್ಲಿ ಸೊನ್ನೆಯೇ. ಅದಕ್ಕೆ ಎಷ್ಟು ಕೊಡಲು ಸಿದ್ಧರಿದ್ದೀರಿ ಎಂದು ಜನರನ್ನೇ ಕೇಳುವ ಕ್ರಮವಿದೆ. ಆದರೆ ಉಳ್ಳವರು ಹೆಚ್ಚು ಹೇಳುತ್ತಾರೆ, ಇಲ್ಲದವರು ಕಡಿಮೆ ಹೇಳುತ್ತಾರೆ. ನನಗೆ ಆ ದಾರಿ ಹಿಡಿಸಲಿಲ್ಲ.

ವರದಿ ಒಪ್ಪಿಸಿದ ದಿನ ಒಬ್ಬರು ಕೇಳಿದರು, “ಸರಿ, ಒಂದು ಕ್ವಾಲಿಗೆ 293 ಕೊಡುವುದು ಯೋಗ್ಯವೇ? ಅದೇ ದುಡ್ಡನ್ನು ರಸ್ತೆಗೆ ಹಾಕಿದರೆ?” ಪೊರೆ ಮಂಡಿನೋವಿಗಿಂತ ಮೇಲು ಎಂದಷ್ಟೇ ಆ ಅಂಕಿ ಹೇಳುತ್ತದೆ, ಕ್ವಾಲಿಯೊಂದಕ್ಕೆ ಎಷ್ಟರವರೆಗೆ ಕೊಡಬಹುದು ಎಂಬ ಮಿತಿಯನ್ನು ನೀವೇ ನಿಗದಿಮಾಡಬೇಕು ಎಂದೆ. ರಸ್ತೆಯೊಂದಿಗೆ ಹೋಲಿಸಲು ವೆಚ್ಚ-ಲಾಭದ ಹಾಳೆಯನ್ನು ತೆಗೆದು ಮುಂದಿಟ್ಟೆ. ಮನೆಯವರ 15 ದಿನಗಳನ್ನು ಅದರಲ್ಲಿ ಪ್ರತ್ಯೇಕ ಸಾಲಾಗಿ ಬರೆದಿದ್ದೆ.