ಒಂದು ಸ್ಲೈಡಲ್ಲಿ ಅಣುವಿನ ಆಕಾರ: ನನ್ನ ಅನುಭವ

ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡ್ತೀನಿ. ಕೆಮಿಕಲ್ ಬಾಂಡಿಂಗ್ ಚಾಪ್ಟರಿಗೆ ಒಂದು ಸ್ಲೈಡ್ ಮಾಡಿದ್ದೆ, ಅದನ್ನ ನಾಲ್ಕೈದು ಸಲ ಹರಿದು ಹೊಲಿದಿದೀನಿ. ಮೊದಲ ಸ್ಲೈಡು ನೋಡೋಕೆ ಭಾರೀ ಚೆನ್ನಾಗಿತ್ತು, ಒಂದು ದೊಡ್ಡ ಟೇಬಲ್, ಎಡಗಡೆ ಹೈಬ್ರಿಡೈಸೇಶನ್, ಪಕ್ಕದಲ್ಲಿ ಆಕಾರ, ಪಕ್ಕದಲ್ಲಿ ಆಂಗಲ್, ಕೊನೇಲಿ ಉದಾಹರಣೆ. sp ಅಂದ್ರೆ ಲೀನಿಯರ್, sp2 ಅಂದ್ರೆ ಟ್ರೈಗೋನಲ್ ಪ್ಲೇನಾರ್, sp3 ಅಂದ್ರೆ ಟೆಟ್ರಾಹೆಡ್ರಲ್. ಮಕ್ಕಳು ಹತ್ತು ನಿಮಿಷದಲ್ಲಿ ಬಾಯಿಪಾಠ ಮಾಡ್ಕೊಂಡ್ರು, ನಂಗೂ ಖುಷಿಯಾಯ್ತು.

ಟೆಸ್ಟಲ್ಲಿ ಅಮೋನಿಯಾದ ಆಕಾರ ಕೇಳಿದ್ದೆ, NH3. ಅರ್ಧ ಕ್ಲಾಸು 'ಟೆಟ್ರಾಹೆಡ್ರಲ್' ಅಂತ ಬರೆದಿತ್ತು. ಒಬ್ಬ ಹುಡುಗನ್ನ ಕರೆದು ಕೇಳಿದ್ರೆ, 'ಸರ್, ನೈಟ್ರೋಜನ್ ಅಲ್ಲಿ sp3 ತಾನೆ, ನಿಮ್ಮ ಸ್ಲೈಡಲ್ಲೇ sp3 ಎದುರಿಗೆ ಟೆಟ್ರಾಹೆಡ್ರಲ್ ಅಂತ ಇದೆ' ಅಂದ. ಅವನ ಮಾತು ಪೂರ್ತಿ ಸರಿ, ತಪ್ಪು ಇದ್ದಿದ್ದು ಸ್ಲೈಡಲ್ಲಿ. ಕಾಲಮ್‌ಗಳ ಕ್ರಮಾನೇ ಉಲ್ಟಾ ಇಟ್ಟಿದ್ದೆ. ಹೈಬ್ರಿಡೈಸೇಶನ್ ಯಾವುದು ಅಂತ ಗೊತ್ತಾಗೋದು ಎಲೆಕ್ಟ್ರಾನ್ ಜೋಡಿ ಎಣಿಸಿದ ಮೇಲೆ ತಾನೆ, ಅದನ್ನ ಮೊದಲೇ ಇಟ್ಟುಬಿಟ್ರೆ ಎಣಿಸೋ ಕೆಲಸಾನೇ ಯಾರೂ ಮಾಡಲ್ಲ, ಲೋನ್ ಪೇರ್ ಎಲ್ಲಿ ಕೂತಿದೆ ಅಂತ ಯಾರೂ ನೋಡಲ್ಲ.

ಆಮೇಲೆ ಟೇಬಲ್ ಪೂರ್ತಿ ತೆಗೆದುಹಾಕಿ, ಒಂದೇ ಅಣುವನ್ನ ಎಡದಿಂದ ಬಲಕ್ಕೆ ನಾಲ್ಕು ಚಿತ್ರವಾಗಿ ಬಿಡಿಸಿದೆ. ಮೊದಲನೇದು ಚುಕ್ಕಿ ಹಾಕಿದ ಲೂಯಿಸ್ ಚಿತ್ರ. ಎರಡನೇದರಲ್ಲಿ ನಡುವಿನ ಪರಮಾಣುವಿನ ಸುತ್ತ ಇರೋ ಎಲ್ಲಾ ಜೋಡಿಗಳು, ಬಾಂಡ್ ಪೇರ್ ಗೆರೆಯಾಗಿ, ಲೋನ್ ಪೇರ್ ದಪ್ಪ ಎಲೆ ಥರ ಒಂದು ಆಕಾರವಾಗಿ. ಮೂರನೇದರಲ್ಲಿ ಒಂದು ಕ್ಲಿಕ್ ಮಾಡಿದ್ರೆ ಲೋನ್ ಪೇರ್ ಮಾಯ ಆಗುತ್ತೆ, ಆದರೆ ಗೆರೆಗಳು ಇದ್ದ ಜಾಗದಲ್ಲೇ ಇರ್ತವೆ. ನಾಲ್ಕನೇದರಲ್ಲಿ ಆಕಾರದ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹೈಬ್ರಿಡೈಸೇಶನ್. ಆ ಮೂರನೇ ಕ್ಲಿಕ್ಕೇ ಎಲ್ಲಾ ಕೆಲಸ ಮಾಡೋದು. ಅಮೋನಿಯಾದಲ್ಲಿ ನಾಲ್ಕು ಜೋಡಿ ನಾಲ್ಕು ದಿಕ್ಕಿಗೆ ಚಾಚಿರ್ತವೆ, ಮೇಲಿನ ಲೋನ್ ಪೇರ್ ಮಾಯ ಆದ ತಕ್ಷಣ ಕೆಳಗೆ ಉಳಿಯೋದು ಮೂರು ಕಾಲಿನ ಸ್ಟೂಲು. 'ಸರ್ ಇದು ಪಿರಮಿಡ್' ಅಂತ ಹಿಂದಿನ ಬೆಂಚಿಂದ ತಾನಾಗೇ ಬಂತು, ನಾನು ಹೇಳಲೇ ಇಲ್ಲ.

ಇಲ್ಲೊಂದು ಸಣ್ಣ ಎಡವಟ್ಟು ಹೇಳ್ಬೇಕು. ಲೋನ್ ಪೇರಿಗೆ ತಿಳಿ ಹಳದಿ ಬಣ್ಣ ಕೊಟ್ಟಿದ್ದೆ, ಲ್ಯಾಪ್‌ಟಾಪಲ್ಲಿ ಸೊಗಸಾಗಿತ್ತು, ಕ್ಲಾಸಿನ ಹಳೇ ಪ್ರೊಜೆಕ್ಟರಲ್ಲಿ ಬಿಳಿ ಗೋಡೆ ಮೇಲೆ ಕಾಣಿಸಲೇ ಇಲ್ಲ. ಮಾಯ ಆಗೋಕೆ ಮುಂಚೇನೇ ಮಾಯ. ಈಗ ಕಡುನೀಲಿ ಇಟ್ಟಿದೀನಿ.

ಎಣಿಸೋಕೆ ನಮ್ಮಲ್ಲಿ ಎಲ್ಲರೂ ಬಳಸೋ ಸೂತ್ರ ಒಂದಿದೆ, H = ½(V + M − C + A). V ಅಂದ್ರೆ ನಡುವಿನ ಪರಮಾಣುವಿನ ವೇಲೆನ್ಸ್ ಎಲೆಕ್ಟ್ರಾನು, M ಅಂದ್ರೆ ಸುತ್ತ ಇರೋ ಒಂದೇ ಬಾಂಡ್ ಮಾಡೋ ಪರಮಾಣುಗಳು, ಅಂದ್ರೆ ಹೈಡ್ರೋಜನ್, ಫ್ಲೋರಿನ್, ಕ್ಲೋರಿನ್ ಥರದ್ದು, ಪ್ಲಸ್ ಚಾರ್ಜ್ ಇದ್ರೆ ಕಳೀಬೇಕು, ಮೈನಸ್ ಇದ್ರೆ ಕೂಡಿಸಬೇಕು. ಅಮೋನಿಯಾಗೆ ½(5 + 3) = 4. ಅಮೋನಿಯಂ ಅಯಾನಿಗೆ ½(5 + 4 − 1), ಅದೂ 4. ಒಂದರಲ್ಲಿ ಮೂರು ಬಾಂಡು ಒಂದು ಲೋನ್ ಪೇರು, ಇನ್ನೊಂದರಲ್ಲಿ ನಾಲ್ಕೂ ಬಾಂಡು. ಸೂತ್ರ ಎರಡಕ್ಕೂ ಅದೇ 4 ಕೊಡುತ್ತೆ, ಆದ್ರೆ ಆಕಾರ ಬೇರೆ ಬೇರೆ. ಹಾಗಾಗಿ ಸೂತ್ರದ ಕೆಳಗೆ ಇನ್ನೊಂದು ಸಾಲು ಬರೆಸ್ತೀನಿ: ಬಂದ ಸಂಖ್ಯೆಯಿಂದ ಸುತ್ತ ಇರೋ ಪರಮಾಣುಗಳನ್ನ ಕಳೆದ್ರೆ ಉಳಿಯೋದು ಲೋನ್ ಪೇರ್. ಈ ಸಾಲು ಬರೀದೆ ಮುಂದೆ ಹೋದವರು ಎಡವೋದು ಗ್ಯಾರಂಟಿ.

ಇನ್ನೊಂದು ಕಡೆ ಎಡವೋದು ಆಕ್ಸಿಜನ್ ಹತ್ರ. SO2 ಕೊಟ್ರೆ ½(6 + 2) = 4 ಅಂತ ಬರೀತಾರೆ. ಆಕ್ಸಿಜನ್ ಒಂದೇ ಬಾಂಡಿನ ಪರಮಾಣು ಅಲ್ಲ, ಅದನ್ನ M ಗೆ ಸೇರಿಸಂಗಿಲ್ಲ, ಸೊನ್ನೆ. ಯಾಕೆ ಸೊನ್ನೆ ಅಂತ ಒಬ್ಬಳು ಕೇಳಿದಾಗ ಬರೀ ರೂಲ್ ಅಂತ ಹೇಳಿ ಸುಮ್ಮನಾಗೋಕೆ ಮನಸ್ಸಾಗಲಿಲ್ಲ. ಆಕ್ಸಿಜನ್ನಿಗೆ ಆರು ಎಲೆಕ್ಟ್ರಾನ್ ಇದೆ, ಎರಡು ಬೇಕು. ಆ ಎರಡನ್ನೂ ಗಂಧಕಾನೇ ಕೊಟ್ಟಿತು ಅಂದ್ಕೊಂಡ್ರೆ ಆಕ್ಸಿಜನ್ ತನ್ನ ಕೈಯಿಂದ ಏನೂ ಹಾಕಲ್ಲ, ಗಂಧಕದ ಆರು ಎಲೆಕ್ಟ್ರಾನು ಅಂದ್ರೆ ಮೂರು ಜೋಡಿ, ಅದರಲ್ಲಿ ಎರಡು ಜೋಡಿ ಆಕ್ಸಿಜನ್‌ಗಳ ಕಡೆ ಹೋಗುತ್ತೆ, ಒಂದು ಜೋಡಿ ಉಳಿಯುತ್ತೆ. ಡಬಲ್ ಬಾಂಡ್ ಬರೆದ್ರೂ ಲೆಕ್ಕ ಬದಲಾಗಲ್ಲ, ಯಾಕಂದ್ರೆ ಎರಡನೇ ಬಾಂಡು ಪೈ ಬಾಂಡು, ಮೊದಲನೇದರ ದಿಕ್ಕಲ್ಲೇ ಇರುತ್ತೆ, ದಿಕ್ಕು ಎಣಿಸುವಾಗ ಎರಡೂ ಸೇರಿ ಒಂದೇ. ಮೂರು ದಿಕ್ಕು, ಒಂದರಲ್ಲಿ ಲೋನ್ ಪೇರು, ಹಾಗಾಗಿ SO2 ಬಾಗಿದೆ, ಆಂಗಲ್ ಸುಮಾರು 119 ಡಿಗ್ರಿ. CO2 ಗೆ ½(4) = 2, ಲೋನ್ ಪೇರ್ ಇಲ್ಲ, ನೆಟ್ಟಗೆ. ಬರೆಯೋಕೆ ಎರಡೂ ಒಂದೇ ಥರ ಕಾಣುತ್ತೆ, ಆದ್ರೆ ಒಂದು ಬಾಗಿದೆ ಒಂದು ನೆಟ್ಟಗಿದೆ, ಇದನ್ನ ಪಕ್ಕಪಕ್ಕ ತೋರಿಸಿದ ಮೇಲೆ ಆಕ್ಸಿಜನ್ ತಪ್ಪು ಬಹಳ ಕಡಿಮೆಯಾಯ್ತು.

ನಂಗೆ ಅತಿ ಇಷ್ಟ ಆಗಿರೋದು ClF3, ಕ್ಲಾಸಲ್ಲಿ ಒಂದು ಪೀರಿಯಡ್ ಪೂರ್ತಿ ಅದಕ್ಕೇ ಕೊಡ್ತೀನಿ. ½(7 + 3) = 5. ಸುತ್ತ ಮೂರು ಫ್ಲೋರಿನ್, ಹಾಗಾದ್ರೆ ಲೋನ್ ಪೇರ್ ಎರಡು. ಐದು ಜೋಡಿ ದೂರದೂರ ಕೂರಬೇಕಂದ್ರೆ ಟ್ರೈಗೋನಲ್ ಬೈಪಿರಮಿಡ್: ನಡುವಿನ ವೃತ್ತದಲ್ಲಿ ಮೂರು, ಒಂದಕ್ಕೊಂದು 120 ಡಿಗ್ರಿ, ಮೇಲೊಂದು ಕೆಳಗೊಂದು, ಅವು ವೃತ್ತದ ಮೂರಕ್ಕೂ 90 ಡಿಗ್ರಿ. ನಾಲ್ಕು ಜೋಡಿ ಇದ್ದಾಗ ಎಲ್ಲಾ ಜಾಗ ಒಂದೇ, ಇಲ್ಲಿ ಹಾಗಲ್ಲ, ಎರಡು ಥರದ ಸೀಟಿದೆ. ಲೋನ್ ಪೇರು ಯಾವ ಸೀಟಲ್ಲಿ ಕೂರುತ್ತೆ?

ಮಕ್ಕಳನ್ನ ಕೇಳಿದ್ರೆ ಮುಕ್ಕಾಲು ಜನ ಮೇಲೊಂದು ಕೆಳಗೊಂದು ಅಂತಾರೆ, ಎರಡು ಲೋನ್ ಪೇರು 180 ಡಿಗ್ರಿ ದೂರ ಇರ್ತವಲ್ಲ ಅಂತ. ಕೇಳೋಕೆ ನ್ಯಾಯವಾಗಿದೆ. ಹಾಗೆ ಕೂತ್ರೆ ಮೂರು ಫ್ಲೋರಿನ್ ವೃತ್ತದಲ್ಲಿ ಉಳಿದು ಆಕಾರ ಚಪ್ಪಟೆ ತ್ರಿಕೋನ ಆಗಬೇಕಿತ್ತು. ಅದಕ್ಕೇ ನಾನು ಬೋರ್ಡಲ್ಲಿ ಮೂರು ಸಾಧ್ಯತೆನೂ ಬಿಡಿಸಿ 90 ಡಿಗ್ರಿ ಜಗಳ ಎಣಿಸ್ತೀನಿ. ಲೋನ್ ಪೇರ್ ಅಂದ್ರೆ ಬಸ್ಸಲ್ಲಿ ಕಾಲು ಅಗಲಿಸಿ ಕೂತವನು, ಬಾಂಡ್ ಪೇರನ್ನ ಎರಡು ಪರಮಾಣು ಎರಡು ಕಡೆಯಿಂದ ಎಳೆದು ಹಿಡಿದಿರ್ತವೆ, ಇವನನ್ನ ಎಳೆಯೋಕೆ ಆ ಕಡೆ ಯಾರೂ ಇಲ್ಲ, ಹಾಗಾಗಿ ನ್ಯೂಕ್ಲಿಯಸ್ ಹತ್ರಾನೇ ಹರಡ್ಕೊಂಡು ಕೂರ್ತಾನೆ. ಇಬ್ಬರು ಮೇಲೆ ಕೆಳಗೆ ಕೂತ್ರೆ ಒಬ್ಬೊಬ್ಬನಿಗೂ ವೃತ್ತದ ಮೂರು ಬಾಂಡ್ ಜೊತೆ 90 ಡಿಗ್ರಿ, ಒಟ್ಟು ಆರು ಜಗಳ. ಒಬ್ಬ ಮೇಲೆ ಒಬ್ಬ ವೃತ್ತದಲ್ಲಿ ಕೂತ್ರೆ ಬಾಂಡ್ ಜೊತೆ ಮೂರೇ, ಆದ್ರೆ ಲೋನ್ ಪೇರ್ ಲೋನ್ ಪೇರ್ ನಡುವೇನೇ ಒಂದು 90 ಡಿಗ್ರಿ ಬಂತು, ಅದು ಎಲ್ಲಕ್ಕಿಂತ ಕೆಟ್ಟ ಜಗಳ. ಇಬ್ಬರೂ ವೃತ್ತದಲ್ಲೇ ಕೂತ್ರೆ ಅವರ ನಡುವೆ 120, ಬಾಂಡ್ ಜೊತೆ ನಾಲ್ಕು. ಇದೇ ಗೆಲ್ಲುತ್ತೆ. ಈಗ ಕ್ಲಿಕ್ ಮಾಡಿ ನೀಲಿ ಎಲೆಗಳನ್ನ ಮಾಯ ಮಾಡಿದ್ರೆ ಉಳಿಯೋದು ಇಂಗ್ಲಿಷಿನ T ಅಕ್ಷರ.

ಸ್ಲೈಡಲ್ಲಿ ಮೊದಲು ಆಂಗಲ್ 90 ಅಂತ ಹಾಕಿದ್ದೆ, ಅದು ಸರಿಯಲ್ಲ, ನಿಜವಾದ ಅಳತೆ 87.5 ಡಿಗ್ರಿ. ಎರಡು ಲೋನ್ ಪೇರು ಹಿಂದಿಂದ ತಳ್ಳಿ T ನ ಕೈಗಳನ್ನ ಮೂರನೇ ಫ್ಲೋರಿನ್ ಕಡೆಗೆ ಒಂಚೂರು ಬಗ್ಗಿಸಿವೆ. ಬಾಂಡಿನ ಉದ್ದಾನೂ ಎರಡು ಥರ, ಕೈಗಳು ಸುಮಾರು 1.70 ಆಂಗ್‌ಸ್ಟ್ರಮ್, ಕಾಲು 1.60. ಮೇಲೆ ಕೆಳಗಿನ ಸೀಟು ಇಕ್ಕಟ್ಟು ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಡ. ಇದಾದ ಮೇಲೆ SF4 ಕೊಟ್ಟು ನೀವೇ ಮಾಡಿ ಅಂತ ಬಿಡ್ತೀನಿ. ಒಂದೇ ಲೋನ್ ಪೇರು, ಮೇಲೆ ಕೂತ್ರೆ ಮೂರು ಜಗಳ, ವೃತ್ತದಲ್ಲಿ ಕೂತ್ರೆ ಎರಡು, ಹಾಗಾಗಿ ಮಕ್ಕಳು ಆಡೋ ಸೀ-ಸಾ ಹಲಗೆ ಆಕಾರ. ಇದನ್ನ ಬಾಯಿಪಾಠ ಮಾಡದೆ ಬರೆದವರನ್ನ ನೋಡಿದ್ರೆ ಗೊತ್ತಾಗುತ್ತೆ, ಉತ್ತರದ ಪಕ್ಕ ಪೆನ್ಸಿಲಲ್ಲಿ 3 ಮತ್ತು 2 ಅಂತ ಗೀಚಿರ್ತಾರೆ.

ಈ ಐದು ಜೋಡಿಗೆ ಪುಸ್ತಕದಲ್ಲಿ sp3d ಅಂತ ಬರೀಬೇಕು, ಪರೀಕ್ಷೆಗೂ ಅದನ್ನೇ ಬರೆಸ್ತೀನಿ. ಆದ್ರೆ d ಆರ್ಬಿಟಲ್ಲು ಇಂಥ ಅಣುಗಳಲ್ಲಿ ನಿಜವಾಗಿ ಸೇರ್ಕೊಳ್ಳೋದು ತೀರಾ ಕಡಿಮೆ ಅಂತ ಈಗಿನ ಲೆಕ್ಕಾಚಾರಗಳು ಹೇಳ್ತವೆ, ಅದಕ್ಕೇ ಹೈಬ್ರಿಡೈಸೇಶನ್ನನ್ನ ಸ್ಲೈಡಲ್ಲಿ ಕೊನೇಗೆ, ಸಣ್ಣಕ್ಷರದಲ್ಲಿ ಇಟ್ಟಿದ್ದು ಸರಿ ಅನ್ಸುತ್ತೆ. ಪಾಲಿಂಗ್ ಹೈಬ್ರಿಡೈಸೇಶನ್ ತಂದಿದ್ದು 1931ರಲ್ಲಿ, ಗಿಲೆಸ್ಪಿ ಮತ್ತು ನೈಹೋಮ್ ಜೋಡಿಗಳ ತಳ್ಳಾಟದ ವಿವರಣೆ ಬರೆದಿದ್ದು 1957ರಲ್ಲಿ, ಎರಡೂ ಬೇರೆ ಬೇರೆ ಕಡೆಯಿಂದ ಬಂದ ಯೋಚನೆ, ನಮ್ಮ ಪಠ್ಯದಲ್ಲಿ ಎರಡನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿದೀವಿ.

ಇಷ್ಟೆಲ್ಲಾ ಆದ ಮೇಲೂ ಹೋದ ಬ್ಯಾಚಿನ ಒಬ್ಬಳು ನನ್ನ ಬಾಯಿ ಕಟ್ಟಿಸಿದ್ಲು. 'ಸರ್, ನೀರಿಗೆ 104.5 ಅಂದ್ರಿ, H2S ಗೂ ನಾಲ್ಕೇ ಜೋಡಿ, ಎರಡು ಲೋನ್ ಪೇರು, ಅದಕ್ಕೆ ಎಷ್ಟು?' ನಾನು ಧೈರ್ಯವಾಗಿ 104ರ ಹತ್ರ ಅಂದೆ. ಮಾರನೇ ದಿನ ಲೈಬ್ರರಿಯಿಂದ ನೋಡ್ಕೊಂಡು ಬಂದ್ಲು, 92 ಡಿಗ್ರಿ ಚಿಲ್ಲರೆ. PH3 ಕೂಡ ಹಾಗೇ, 93.5ರ ಹತ್ರ, ಅಮೋನಿಯಾ ಮಾತ್ರ 107. ಕಾರಣ ಇಷ್ಟೇ: ಗಂಧಕ, ರಂಜಕ ದೊಡ್ಡ ಪರಮಾಣು, ಹೈಡ್ರೋಜನ್‌ಗಳು ದೂರ ಇರ್ತವೆ, ಒಂದನ್ನೊಂದು ಹೆಚ್ಚು ತಳ್ಳಲ್ಲ, ಬಾಂಡು ಹೆಚ್ಚುಕಡಿಮೆ ಬರೀ p ಆರ್ಬಿಟಲ್ಲಿಂದಲೇ ಆಗುತ್ತೆ, p ಆರ್ಬಿಟಲ್‌ಗಳ ನಡುವೆ 90 ಡಿಗ್ರಿ ತಾನೆ. ಅಲ್ಲಿ sp3 ಅನ್ನೋ ಹಣೆಪಟ್ಟಿ ಹೊಂದಲ್ಲ. ಆಕಾರದ ಹೆಸರು ಮಾತ್ರ ತಪ್ಪಲ್ಲ, ಬಾಗಿದೆ ಅಂತ ಎಣಿಕೆ ಹೇಳಿದ್ದು ನಿಜವೇ.

ಹಾಗಾಗಿ ಈಗ ಸ್ಲೈಡಲ್ಲಿ 109.5 ಅಂತ ಗಟ್ಟಿಯಾಗಿ ಬರೆಯೋದು ಮೀಥೇನ್ ಥರ ನಾಲ್ಕು ಕಡೆನೂ ಒಂದೇ ಪರಮಾಣು ಇರೋದಕ್ಕೆ ಮಾತ್ರ, ಲೋನ್ ಪೇರ್ ಇರೋ ಕಡೆ '109.5ಕ್ಕಿಂತ ಕಮ್ಮಿ' ಅಂತ ಬರೆದು ಬಿಡ್ತೀನಿ. ಕೆಳಗೆ ಮೂಲೇಲಿ H2O 104.5, H2S 92 ಅಂತ ಎರಡೇ ಸಂಖ್ಯೆ ಇಟ್ಟಿದೀನಿ. ನಿಕ್ಕಲ್ ಥರದ ಟ್ರಾನ್ಸಿಶನ್ ಮೆಟಲ್ ಬಂದ್ರೆ ಈ ಸ್ಲೈಡನ್ನ ತೆರೆಯೋದೇ ಇಲ್ಲ, [NiCl4]2− ಟೆಟ್ರಾಹೆಡ್ರಲ್, [Ni(CN)4]2− ಚಪ್ಪಟೆ ಚೌಕ, ಅದನ್ನ ಈ ಎಣಿಕೆ ಹಿಡಿಯಲ್ಲ, ಅದು ಸೆಕೆಂಡ್ ಪಿಯುನಲ್ಲಿ ಬೇರೆ ಸ್ಲೈಡು.