ಕೈ ಒಳಗೆ ಹೋಗುವ ಮುಂಚೆ: ಸೇಫ್ಟಿ ವಿಡಿಯೋಗೆ ಸ್ಕ್ರಿಪ್ಟ್ ಬರೆದ ಅನುಭವ

ಪ್ಯಾಕಿಂಗ್ ಲೈನ್ ಇರುವ ಒಂದು ಕಾರ್ಖಾನೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ತೋರಿಸಲು ಒಂದು ವಿಡಿಯೋ ಬರೆದುಕೊಡಿ ಎಂದರು. ಸೇಫ್ಟಿ ಆಫೀಸರ್ ಕೊಟ್ಟ ಫೈಲ್‌ನಲ್ಲಿ ಪ್ರತಿ ಸಾಲೂ ‘ತಕ್ಕದ್ದು’ ಎಂದೇ ಮುಗಿಯುತ್ತಿತ್ತು. ಅದನ್ನು ಎಷ್ಟೇ ಒಳ್ಳೆಯ ದನಿಯಲ್ಲಿ ಓದಿಸಿದರೂ ಭಾಷಣವೇ ಆಗುತ್ತದೆ.

ಫೈಲ್ ಮುಚ್ಚಿಟ್ಟು ಲೈನ್ ಹತ್ತಿರ ಹೋದೆ. ನಿಯಮ ಯಾರು ಮುರೀತಾರೆ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಬೇರೆ ಥರ ಕೇಳಿದೆ: ‘ನಿಯಮ ಬಿಟ್ಟು ಬೇಗ ಮುಗಿಸಿಬಿಡೋಣ ಅಂತ ಯಾವಾಗ ಅನ್ಸುತ್ತೆ?’ ಉತ್ತರ ತಕ್ಷಣ ಬಂತು. ಶಿಫ್ಟ್ ಮುಗಿಯುವ ಹೊತ್ತು, ಲೆಕ್ಕ ಇನ್ನೂ ಬಾಕಿ, ಬಾಕ್ಸ್‌ಗಳನ್ನು ಮುಂದಕ್ಕೆ ತಳ್ಳುವ ಪುಷರ್ ಮುಂದೆ ಒಂದು ಬಾಕ್ಸ್ ಓರೆಯಾಗಿ ಸಿಕ್ಕಿಕೊಂಡಿದೆ. ಸ್ಟಾಪ್ ಒತ್ತಿ ಕೈ ಹಾಕಿ ಎಳೆದರೆ ಆಯ್ತಲ್ಲ, ಎರಡು ಸೆಕೆಂಡ್ ಕೆಲಸ!

ನನ್ನ ವಿಡಿಯೋ ಅಲ್ಲೇ ಸಿಕ್ಕಿತು. ಆ ಪುಷರ್ ಗಾಳಿಯ ಒತ್ತಡದಿಂದ ಓಡುವ ಸಿಲಿಂಡರ್. ಅಂಥದ್ದರಲ್ಲಿ ಸ್ಟಾಪ್ ಒತ್ತಿದಾಗ ಮೋಟರ್ ನಿಂತರೂ ಸಿಲಿಂಡರ್‌ನೊಳಗೆ ಗಾಳಿ ಉಳಿದಿರಬಹುದು. ಬಾಕ್ಸ್ ಅದನ್ನು ತಡೆದು ಹಿಡಿದಿರುತ್ತದೆ, ಅಷ್ಟೇ. ಬಾಕ್ಸ್ ಎಳೆದ ತಕ್ಷಣ ಪುಷರ್ ಮುಂದಕ್ಕೆ ನುಗ್ಗುತ್ತದೆ, ಕೈ ಅಲ್ಲೇ ಇರುತ್ತದೆ. ನಿಯಮಕ್ಕಿಂತ ಈ ಕಾರಣ ಗೊತ್ತಾದರೆ ಜನ ಕೈ ಹಾಕುವ ಮುಂಚೆ ಯೋಚಿಸುತ್ತಾರೆ ಅನ್ನಿಸಿತು.

ಆಮೇಲೆ ಕತ್ತರಿಸುವ ಕೆಲಸ. ಫೈಲ್‌ನಲ್ಲಿ ಲಾಕ್‌ಔಟ್‌ನ, ಅಂದರೆ ಮಷಿನ್ ಯಾರೂ ಓಡಿಸದಂತೆ ಬೀಗ ಹಾಕುವುದರ, ಪೂರ್ತಿ ವಿಧಾನ ಇತ್ತು: ಮಷಿನ್ ನಿಲ್ಲಿಸಿ, ಕರೆಂಟ್ ಮತ್ತು ಗಾಳಿ ಎರಡನ್ನೂ ಕಡಿದು, ತಮ್ಮ ಬೀಗ ಹಾಕಿ, ಟ್ಯಾಗ್ ತೂಗಿಸಿ, ಉಳಿದ ಒತ್ತಡ ಬಿಟ್ಟು, ಕೊನೆಗೆ ಸ್ಟಾರ್ಟ್ ಒತ್ತಿ ಮಷಿನ್ ಓಡುವುದಿಲ್ಲ ಎಂದು ನೋಡುವುದು. ಇದು ತರಬೇತಿ ಪಡೆದ ಮೇಂಟೆನೆನ್ಸ್‌ನವರ ಕೆಲಸ. ಮೊದಲ ದಿನ ಬಂದವರಿಗೆ ಬೇಕಾದ್ದು ಮೂರೇ: ಮಷಿನ್ ನಿಲ್ಲಿಸು, ಕೈ ಹಾಕದೆ ಕರೆ, ಬೇರೆಯವರ ಬೀಗ ಮುಟ್ಟಬೇಡ. ಉಳಿದದ್ದನ್ನೆಲ್ಲ ತೆಗೆದೆ. ಸೇಫ್ಟಿ ಆಫೀಸರ್‌ಗೆ ಇದು ಹಿಡಿಸಲಿಲ್ಲ. ‘ಅರ್ಧ ಗೊತ್ತಿರೋನು ತಾನೇ ಬೀಗ ಹಾಕೋಕೆ ಹೋಗಲ್ವಾ?’ ಎಂದು ನಾನು ಕೇಳಿದ ಮೇಲೆ ಒಪ್ಪಿದರು.

ಪಾತ್ರಗಳು ಇಬ್ಬರೇ. ಇಂಥ ವಿಡಿಯೋಗಳಲ್ಲಿ ಹೊಸಬ ದಡ್ಡ, ಹಳಬ ಮೇಷ್ಟ್ರು. ಆ ಜೋಡಿ ಪರದೆಗೆ ಬಂದರೆ ಸಾಕು, ನೋಡುವವರ ಕೈ ಫೋನ್‌ಗೆ ಹೋಗುತ್ತದೆ. ಲೈನ್‌ನಲ್ಲಿ ಆಗುವುದೂ ಹಾಗಲ್ಲ. ಅಡ್ಡದಾರಿ ಕಲಿಸುವುದು ಎಷ್ಟೋ ಸಲ ಹಳಬರೇ. ಆದ್ದರಿಂದ ಮಾತು ಹೀಗೆ ಬರೆದೆ:

‘ಅಣ್ಣಾ, ಮೇಂಟೆನೆನ್ಸ್‌ಗೆ ಫೋನ್ ಮಾಡ್ಲಾ?’
‘ಇಷ್ಟಕ್ಕೆಲ್ಲ ಯಾಕೋ? ಸ್ಟಾಪ್ ಒತ್ತಿದೀನಲ್ಲ.’
‘ಗಾಳಿ ಇನ್ನೂ ಇದೆ ಅಣ್ಣಾ. ಗೇಜ್ ನೋಡಿ.’

ಹಳಬ ಗೇಜ್ ನೋಡುತ್ತಾನೆ. ಮುಳ್ಳು ಸೊನ್ನೆಯಲ್ಲಿಲ್ಲ. ಮಾತಿಲ್ಲದೆ ಹಿಂದೆ ಸರಿಯುತ್ತಾನೆ. ಇಲ್ಲಿ ಹಿನ್ನೆಲೆ ದನಿ ಬಂದು ‘ನೋಡಿದಿರಾ?’ ಎಂದರೆ ದೃಶ್ಯ ಸತ್ತಂತೆ, ಅದಕ್ಕೇ ಬರೆಯಲಿಲ್ಲ. ಮುಂದಿನ ಶಾಟ್‌ನಲ್ಲಿ ಮೇಂಟೆನೆನ್ಸ್‌ನವರು ಬೀಗ ಹಾಕುತ್ತಾರೆ, ಗಾಳಿ ಬಿಡುವ ಸದ್ದು ಮಾತ್ರ ಕೇಳುತ್ತದೆ. ಆಮೇಲೆ ಬಾಕ್ಸ್ ಸುಲಭವಾಗಿ ಹೊರಗೆ ಬರುತ್ತದೆ.

ಹಳಬನ ಕೈ ಯಂತ್ರದೊಳಗೆ ಹೋಗುವುದನ್ನು ತೋರಿಸಲೇ ಇಲ್ಲ. ತಪ್ಪು ಮಾಡಿಯೂ ಏನೂ ಆಗದೇ ಇದ್ದರೆ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಆ ಅಡ್ಡದಾರಿಯೇ. ರಕ್ತ ತೋರಿಸಿದರೆ ಜನ ಕಣ್ಣು ತಿರುಗಿಸುತ್ತಾರೆ, ಕಾರಣ ನೋಡುವುದಿಲ್ಲ. ಪುಷರ್ ನುಗ್ಗುವುದನ್ನು ಬೇರೆಯಾಗಿ, ಗಾರ್ಡ್ ಮುಚ್ಚಿದ ಮಷಿನ್‌ನಲ್ಲಿ ಖಾಲಿ ರಟ್ಟಿನ ಡಬ್ಬ ಇಟ್ಟು ತೆಗೆದೆವು. ಡಬ್ಬ ಅಪ್ಪಚ್ಚಿಯಾದದ್ದೇ ಸಾಕಾಯ್ತು.

ಸ್ಕ್ರಿಪ್ಟ್ ಹಾಳೆಯಲ್ಲಿ ಎರಡು ಅಂಕಣ: ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಎಡಗಡೆ ಕಾಣುವುದನ್ನೇ ಬಲಗಡೆ ಹೇಳಿದ್ದರೆ ಬಲಗಡೆಯದನ್ನು ಹೊಡೆದುಹಾಕುವುದು ನನ್ನ ಪದ್ಧತಿ. ಭಾಷಣದ ವಾಸನೆ ಅರ್ಧ ಅಲ್ಲೇ ಹೋಗುತ್ತದೆ. ಎಡ ಅಂಕಣದಲ್ಲಿ ಶೂ, ಕನ್ನಡಕ, ಕಟ್ಟಿದ ಕೂದಲು ಎಲ್ಲವನ್ನೂ ಬರೆದಿದ್ದೆ. ನಟನ ಅಂಗಿಯ ತೋಳು ಸಡಿಲವಾಗಿ ಜೋತಾಡಿದರೆ ಕೆಲಸಗಾರರು ಮೊದಲು ಹಿಡಿಯುವುದು ಅದನ್ನೇ.

ಶೂಟಿಂಗ್‌ಗೆ ಮುಂಚೆ ಸ್ಕ್ರಿಪ್ಟನ್ನು ಹೊಸಬರಿಗೆ ಓದಿ ಹೇಳಿದೆವು. ಚೆನ್ನಾಗಿದೆಯಾ ಎಂದು ಕೇಳಲಿಲ್ಲ. ‘ಬಾಕ್ಸ್ ಸಿಕ್ಕಿಕೊಂಡರೆ ಏನು ಮಾಡ್ತೀರಿ?’ ಎಂದಷ್ಟೇ ಕೇಳಿದೆವು. ‘ನಿಲ್ಸಿ, ಕರೀತೀನಿ’ ಎಂದರು. ‘ಹಳಬರು ಬೈದ್ರೆ?’ ಎಂದಾಗ ಒಬ್ಬ ಸ್ವಲ್ಪ ಯೋಚಿಸಿ, ‘ಗೇಜ್ ತೋರಿಸ್ತೀನಿ’ ಎಂದ. ಆ ಮೇಲೆ ಮ್ಯಾನೇಜರ್ ಕೊನೆಗೆ ಬಂದು ನಾಲ್ಕು ಮಾತಾಡುವ ದೃಶ್ಯವನ್ನು ಕೈಬಿಡಲು ಯಾರೂ ತಕರಾರು ಮಾಡಲಿಲ್ಲ.