ಶಿಫಾರಸು ಪತ್ರದಲ್ಲಿ ತೋಟದ ಮೋಟರ್

ಸಿಗ್ನಲ್ ಪ್ರೊಸೆಸಿಂಗ್ ಎಂ.ಟೆಕ್‌ಗೆ ಅರ್ಜಿ ಹಾಕುತ್ತಿದ್ದ ನನ್ನ ವಿದ್ಯಾರ್ಥಿನಿ ಶಿಫಾರಸು ಪತ್ರ ಕೇಳಿದಳು. ಮೊದಲ ಸಲ ಬರೆದಾಗ 'ಟ್ರಾನ್ಸ್‌ಫಾರ್ಮ್‌ಗಳನ್ನು ಚೆನ್ನಾಗಿ ಅರಿತಿದ್ದಾಳೆ' ಅಂತ ಬರೆದೆ. ಓದಿ ನೋಡಿದರೆ ಅದರಲ್ಲಿ ಅವಳೇ ಇರಲಿಲ್ಲ. ಅಂಕಪಟ್ಟಿ ಹೇಳುವುದನ್ನೇ ನಾನೂ ಹೇಳಿದ್ದೆ, ಅಷ್ಟೇ. ಅದನ್ನು ಅಳಿಸಿ, ಫೆಬ್ರವರಿಯಲ್ಲಿ ನಡೆದ ಒಂದು ಸಂಗತಿಯನ್ನೇ ಬರೆದೆ.

ಹೂಮಳೆ ಬಾರದೆ ಅವಳ ಮನೆಯ ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಓಡುತ್ತಿತ್ತು. ಕೊಡಗಿನ ಪೊನ್ನಂಪೇಟೆ ಕಡೆ ಆಗ ಎಲ್ಲ ಕೆರೆಗಳ ಹತ್ತಿರವೂ ಮೋಟರ್ ಸದ್ದೇ. ಅವರ ಮೋಟರ್ ಮಾತ್ರ ಗುಂಯ್ ಅನ್ನುತ್ತಾ ಏರಿ ಇಳಿಯುತ್ತಿತ್ತಂತೆ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಸೆಕೆಂಡಿಗೆ 1000 ಸ್ಯಾಂಪಲ್‌ಗೆ ಇಳಿಸಿ, ಲ್ಯಾಬ್‌ಗೆ ತಂದಳು.

ಮೊದಲು 128 ಸ್ಯಾಂಪಲ್‌ಗಳ ಎಫ್‌ಎಫ್‌ಟಿ ತೆಗೆದಳು, ಅಂದರೆ ಸದ್ದಿನಲ್ಲಿ ಯಾವ ಆವರ್ತನ ಎಷ್ಟಿದೆ ಅಂತ ತೋರಿಸುವ ಲೆಕ್ಕ. 100 ಹರ್ಟ್ಜ್ ಆಸುಪಾಸಿನಲ್ಲಿ ಒಂದು ಅಗಲವಾದ ಗುಡ್ಡ. ಪಕ್ಕದ ಹುಡುಗ, 'ಸೊನ್ನೆಗಳನ್ನು ಸೇರಿಸಿ 1024 ಮಾಡು, ಸ್ಪಷ್ಟವಾಗುತ್ತೆ' ಅಂದ. ಮಾಡಿದಳು. ಗ್ರಾಫಿನ ಚುಕ್ಕಿಗಳು ಸುಮಾರು ಒಂದೊಂದು ಹರ್ಟ್ಜ್ ಅಂತರದಲ್ಲಿ ಬಂದವು, ಗುಡ್ಡ ನುಣುಪಾಯಿತು. ಆದರೆ ಗುಡ್ಡ ಒಂದೇ. ಜಾಸ್ತಿ ಜನ ಇಲ್ಲೇ ಮೋಸ ಹೋಗುತ್ತಾರೆ. ನುಣುಪಾದ ಗ್ರಾಫ್ ನೋಡಿ ವಿವರ ಸಿಕ್ಕಿತು ಅಂದುಕೊಳ್ಳುತ್ತಾರೆ.

ಅವಳು ಅಂದಳು: 'ಸರ್, ಸೊನ್ನೆಯಲ್ಲಿ ಮೋಟರಿನ ಸದ್ದು ಇಲ್ವಲ್ಲ. ನಾವು ಕೇಳಿರೋದು 0.128 ಸೆಕೆಂಡು ಮಾತ್ರ. ಸದ್ದು ಸೆಕೆಂಡಿಗೆ ನಾಲ್ಕು ಸಲ ಏರಿಳಿಯುತ್ತೆ. ಒಂದು ಸಲ ಪೂರ್ತಿ ಏರಿ ಇಳಿಯೋಕೂ ನಾವು ಬಿಟ್ಟಿಲ್ಲ.'

ಆಮೇಲೆ ಎರಡು ಸೆಕೆಂಡಿನ ರೆಕಾರ್ಡಿಂಗ್ ತೆಗೆದುಕೊಂಡಳು, 2000 ಸ್ಯಾಂಪಲ್. ಈಗ 96ರಲ್ಲೊಂದು, 100ರಲ್ಲೊಂದು, ಎರಡು ಶಿಖರ ಬೇರೆಬೇರೆ ನಿಂತವು. ಮೋಟರಿನ ಪ್ಲೇಟಿನಲ್ಲಿ 2880 ಆರ್‌ಪಿಎಂ ಅಂತ ಇತ್ತು. ಅಂದರೆ ಶಾಫ್ಟ್ ಸೆಕೆಂಡಿಗೆ 48 ಸುತ್ತು, ಅದರ ಎರಡರಷ್ಟು 96. ಕರೆಂಟ್ 50 ಹರ್ಟ್ಜ್. ಕಾಂತದ ಸೆಳೆತ ಪ್ರತಿ ಆವರ್ತಕ್ಕೆ ಎರಡು ಸಲ ಬರುವುದರಿಂದ 100. ಎರಡರ ನಡುವಿನ 4 ಹರ್ಟ್ಜೇ ಆ ಏರಿಳಿತ. ಶಾಫ್ಟಿನ ಎರಡರಷ್ಟರಲ್ಲಿ ಶಿಖರ ದೊಡ್ಡದಾಗಿದ್ದರೆ ಮೋಟರನ್ನು ಪಂಪಿಗೆ ಜೋಡಿಸುವ ಕಪ್ಲಿಂಗ್ ನೇರವಾಗಿ ಕೂತಿಲ್ಲದಿರಬಹುದು. ಅದನ್ನು ನೋಡಿ ಅಂತ ಅಪ್ಪನಿಗೆ ಹೇಳಿದಳು. ಸದ್ದೊಂದರಿಂದಲೇ ಖಚಿತ ಹೇಳಲಾಗದು ಅಂತಲೂ ಸೇರಿಸಿದಳು.

ಪತ್ರದ ಮುಖ್ಯ ಭಾಗ ಇಷ್ಟೇ. ಕೊನೆಗೆ ಹೀಗೆ ಬರೆದೆ: 'ಎರಡು ಆವರ್ತನಗಳನ್ನು ಬೇರ್ಪಡಿಸಲು ಬೇಕಾದದ್ದು ಹೆಚ್ಚು ಚುಕ್ಕಿಗಳಲ್ಲ, ಹೆಚ್ಚು ಹೊತ್ತು ಕೇಳುವುದು ಎಂಬುದನ್ನು ಈಕೆ ಸೂತ್ರದಿಂದಲ್ಲ, ಕಿವಿಯಿಂದ ಶುರುಮಾಡಿ ಕಂಡುಕೊಂಡಳು.' ವೇವ್‌ಲೆಟ್ ಅನ್ನುವ ಇನ್ನೊಂದು ವಿಧಾನವನ್ನು ಅವಳಿಗೆ ನಾನು ಕಲಿಸಿಲ್ಲ, ಹಾಗಾಗಿ ಅದರ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಮನೆಯ ತೋಟದ ವಿಷಯ ಅಲ್ವಾ, ಕಳಿಸುವ ಮೊದಲು ಅವಳ ಒಪ್ಪಿಗೆ ಕೇಳಿದೆ. 'ಅಪ್ಪನಿಗೂ ಓದಿ ಹೇಳ್ತೀನಿ ಸರ್' ಅಂದಳು.